ಪದೇ ಪದೇ ಲೇಟಾಗಿ ಬರುವವರಿಗೆ ಎಚ್ಚರಿಕೆ ಪತ್ರ: ಈ ಕರಡು ಹೇಗಿದೆ ನೋಡಿ

ಹೊಸ ಲೀಡ್

ನಮ್ಮದು ಗ್ರಾಹಕರ ಕರೆ ತೆಗೆದುಕೊಳ್ಳುವ ಚಿಕ್ಕ ತಂಡ. ಬೆಳಗಿನ ಪಾಳಿ 9:00ಕ್ಕೆ ಶುರು. 9:10ರವರೆಗೆ ಗ್ರೇಸ್ ಟೈಮ್ ಇದೆ. ಒಬ್ಬರು ಮಾರ್ಚ್‌ನಲ್ಲಿ ಒಂಬತ್ತು ದಿನ ತಡವಾಗಿ ಬಂದಿದ್ದಾರೆ. 13ನೇ ತಾರೀಕು ಕರೆದು ಬಾಯಿಮಾತಲ್ಲಿ ಹೇಳಿದ್ದೆ. ಆಮೇಲೂ ಮುಂದುವರಿದಿದೆ. ಈಗ ಲಿಖಿತ ಎಚ್ಚರಿಕೆ ಕೊಡಬೇಕು ಅಂತ ಮೇಲಿನವರು ಹೇಳಿದ್ದಾರೆ. ಕರಡು ಹೀಗಿದೆ:

"ನೀವು ಯಾವಾಗಲೂ ತಡವಾಗಿ ಬರುತ್ತಿದ್ದೀರಿ. ಎಷ್ಟು ಸಲ ಹೇಳಿದರೂ ತಿದ್ದಿಕೊಂಡಿಲ್ಲ. ನಿಮಗೆ ಕೆಲಸದ ಬಗ್ಗೆ ಆಸಕ್ತಿ ಇಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ನಿಮ್ಮ ಬೇಜವಾಬ್ದಾರಿ ನಡವಳಿಕೆಯಿಂದ ಇಡೀ ತಂಡಕ್ಕೆ ತೊಂದರೆಯಾಗುತ್ತಿದೆ. ಇದೇ ರೀತಿ ಮುಂದುವರಿದರೆ ಕಠಿಣ ಕ್ರಮ ಕೈಗೊಳ್ಳಲಾಗುವುದು."

ಮನುಷ್ಯ ಒಳ್ಳೆಯವರು, ಕೆಲಸವೂ ಚೆನ್ನಾಗಿ ಮಾಡುತ್ತಾರೆ. ಪತ್ರ ಖಾರವಾಯಿತೇನೋ ಅನ್ನಿಸುತ್ತಿದೆ. ಹಾಗಂತ ಮೆತ್ತಗೆ ಬರೆದರೆ ಎಚ್ಚರಿಕೆ ಅಂತಲೇ ಅನ್ನಿಸುವುದಿಲ್ಲ. ಏನು ಮಾಡಲಿ?

ಅವಸರದವ

ನಿಮಗೆ ಇಂಥ ಪತ್ರ ಕೊಟ್ಟಿದ್ದರೆ ಗಾಬರಿಯಾಗಬೇಡಿ. ಸಹಿ ಹಾಕುವ ಮುಂಚೆ ಒಂದು ಕಾಪಿ ಕೇಳಿ ತೆಗೆದುಕೊಳ್ಳಿ. ಉತ್ತರ ಬರೆದು ಕೊಡಿ.

ಹೊಸ ಲೀಡ್

ನನಗೆ ಕೊಟ್ಟಿದ್ದಲ್ಲ, ನಾನು ಕೊಡಬೇಕಾಗಿರುವುದು. 🙂

ನೇರ ಮಾತು

ಕರಡು ಚೆನ್ನಾಗಿಯೇ ಇದೆ. ಎಚ್ಚರಿಕೆ ಅಂದಮೇಲೆ ಸ್ವಲ್ಪ ಬಿಸಿ ತಾಗಬೇಕು. "ಯಾವಾಗಲೂ" ಅನ್ನುವುದನ್ನು ತೆಗೆದು "ಒಂಬತ್ತು ದಿನ" ಅಂತ ಹಾಕಿ, ಸಾಕು. ಸಹಿ ಮಾತ್ರ ತಪ್ಪದೆ ಹಾಕಿಸಿಕೊಳ್ಳಿ. ಅವರ ಸಹಿ ಇಲ್ಲದಿದ್ದರೆ ಆ ಪತ್ರಕ್ಕೆ ಬೆಲೆಯೇ ಇಲ್ಲ.

ಹಳೇ ಎಚ್ಆರ್

"ಯಾವಾಗಲೂ" ಹೋಗಬೇಕು ಅಂದಿದ್ದು ಸರಿ. ಆದರೆ ಅದೊಂದೇ ಹೋದರೆ ಸಾಲದು.

ಈ ಕರಡನ್ನು ಒಂದು ವರ್ಷ ಬಿಟ್ಟು ಕಡತದಲ್ಲಿ ಓದುವವರ ಕಣ್ಣಲ್ಲಿ ನೋಡಿ. ಅವರಿಗೆ ನಿಮ್ಮ ಪರಿಚಯವಿಲ್ಲ, ಆ ಉದ್ಯೋಗಿಯ ಪರಿಚಯವೂ ಇಲ್ಲ. ಎಷ್ಟು ದಿನ ತಡ, ಎಷ್ಟು ನಿಮಿಷ ತಡ, ಯಾವ ನಿಯಮದ ಪ್ರಕಾರ ತಡ, ಮುಂಚೆ ಯಾವಾಗ ಹೇಳಿದ್ದಿರಿ, ಇನ್ನು ಮುಂದೆ ಏನು ಆಗಬೇಕು? ಒಂದಕ್ಕೂ ಇಲ್ಲಿ ಉತ್ತರ ಸಿಗುವುದಿಲ್ಲ. ಸಿಗುವುದು ಒಂದೇ, ಅವರ ಮೇಲೆ ನಿಮಗೆ ಸಿಟ್ಟು ಬಂದಿತ್ತು ಅನ್ನುವುದು.

"ಆಸಕ್ತಿ ಇಲ್ಲ" ಅನ್ನುವುದು ನಿಮ್ಮ ಊಹೆ. ಅವರು "ಆಸಕ್ತಿ ಇದೆ, ನೋಡಿ ನನ್ನ ಕರೆಗಳ ಲೆಕ್ಕ" ಅಂತ ತೋರಿಸಿದರೆ ಆ ಸಾಲು ಅಲ್ಲೇ ಬಿತ್ತು. ಅದರ ಜೊತೆಗೆ ಉಳಿದ ಸಾಲುಗಳ ಮೇಲಿನ ನಂಬಿಕೆಯೂ ಹೋಗುತ್ತದೆ. "10ನೇ ತಾರೀಕು 9:19ಕ್ಕೆ ಪಂಚ್ ಆಗಿದೆ" ಅನ್ನುವುದಕ್ಕೆ ಯಾರೂ ವಾದ ಮಾಡಲು ಆಗುವುದಿಲ್ಲ. ಬಿಸಿ ತಾಗಬೇಕು ಅಂದರಲ್ಲ, ನಿಜವಾಗಿ ಬಿಸಿ ತಾಗುವುದು ಇಂಥ ಸಾಲಿನಿಂದಲೇ.

ಮೊದಲು ಒಂಬತ್ತು ದಿನಗಳ ತಾರೀಕು, ಸಮಯ ಇಲ್ಲಿ ಹಾಕಿ. ಹೆಸರು ಬೇಡ.

ಕಿಟಕಿ ಸೀಟು

ನಾನು ಇನ್ನೊಂದು ಕಡೆಯಿಂದ ಹೇಳುತ್ತೇನೆ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ನನಗೂ ಇಂಥದ್ದೊಂದು ಬಂದಿತ್ತು. ಲೇಟಾಗಿದ್ದು ನಿಜ, ಒಪ್ಪಿಕೊಂಡೆ. ಆದರೆ ಪತ್ರದಲ್ಲಿ "ಧೋರಣೆ ಸರಿಯಿಲ್ಲ" ಅಂತ ಒಂದು ಸಾಲು ಇತ್ತು. ಆಮೇಲೆ ಸಮಯಕ್ಕೆ ಸರಿಯಾಗಿ ಬರತೊಡಗಿದೆ, ಯಾರೂ ಅದನ್ನು ಗಮನಿಸಲಿಲ್ಲ. ಬಡ್ತಿ ಮಾತು ಬಂದಾಗ ಹೊಸದಾಗಿ ಬಂದ ಮ್ಯಾನೇಜರ್ ಕಡತ ತೆಗೆದು ಓದಿದ್ದು ಆ ಒಂದೇ ಸಾಲನ್ನು. ಲೇಟು ತಿದ್ದಿಕೊಳ್ಳಬಹುದು. ಧೋರಣೆ ತಿದ್ದಿಕೊಂಡಿದ್ದೇನೆ ಅಂತ ಹೇಗೆ ತೋರಿಸುವುದು ಹೇಳಿ?

ಹೊಸ ಲೀಡ್

ಗೇಟಿನ ಬೆರಳಚ್ಚು ಯಂತ್ರದ ಲೆಕ್ಕ ಇದು:

3 – 9:24
5 – 9:31
9 – 9:12
10 – 9:19
12 – 9:27
17 – 9:35
20 – 9:13
24 – 9:22
26 – 9:28

ಕಂಪ್ಯೂಟರ್ ಲಾಗಿನ್ ಲೆಕ್ಕವೂ ಇದೆ. ಅದರಲ್ಲಿ ಕೆಲವು ದಿನ ಇನ್ನೂ ಜಾಸ್ತಿ ತಡ ಕಾಣುತ್ತದೆ. ಅದನ್ನೇ ಹಾಕಲಾ?

ಹಳೇ ಎಚ್ಆರ್

ಬೇಡ. ನಿಮ್ಮ ನಿಯಮ ಯಾವುದನ್ನು ಅಳೆಯುತ್ತದೋ ಅದನ್ನೇ ಹಾಕಿ. "9:00ಕ್ಕೆ ಆಫೀಸಿನಲ್ಲಿ ಇರಬೇಕು" ಅಂತ ನಿಯಮ ಇದ್ದರೆ ಗೇಟ್ ಪಂಚ್. "9:00ಕ್ಕೆ ಕರೆ ತೆಗೆದುಕೊಳ್ಳಲು ಸಿದ್ಧ ಇರಬೇಕು" ಅಂತ ಇದ್ದರೆ ಲಾಗಿನ್. ಜಾಸ್ತಿ ತಡ ಕಾಣುವುದನ್ನು ದಿನಕ್ಕೊಂದರಂತೆ ಆರಿಸಿಕೊಂಡರೆ ಅದು ಲೆಕ್ಕವಲ್ಲ, ಹಠ.

ಪಟ್ಟಿಯ ಬಗ್ಗೆ ಮೂರು ವಿಷಯ ಕೇಳಬೇಕು.

9 ಮತ್ತು 20ನೇ ತಾರೀಕಿನವು ಗ್ರೇಸ್ ದಾಟಿರುವುದು ಎರಡು, ಮೂರು ನಿಮಿಷ ಅಷ್ಟೇ. ಇಷ್ಟು ಸಣ್ಣ ಅಂತರ ಇದ್ದಾಗ ಯಂತ್ರದ ಗಡಿಯಾರ ಸರಿ ಇದೆಯಾ ಅಂತ ನೋಡಲೇಬೇಕು. ಸರ್ವರ್‌ನಿಂದ ಸಮಯ ತೆಗೆದುಕೊಳ್ಳದೆ ತನ್ನಷ್ಟಕ್ಕೆ ನಡೆಯುವ ಯಂತ್ರಗಳು ನಿಧಾನಕ್ಕೆ ಹಿಂದೆ ಮುಂದೆ ಆಗುತ್ತವೆ. ನಾಳೆ ನೀವೇ ಪಂಚ್ ಮಾಡಿ, ಅದೇ ಕ್ಷಣ ಮೊಬೈಲ್ ನೋಡಿ.

17ನೇ ತಾರೀಕು ಎಲ್ಲಕ್ಕಿಂತ ಜಾಸ್ತಿ ತಡ. ಅಂದು ಮುಂಚೆಯೇ ಪರ್ಮಿಷನ್ ಕೇಳಿದ್ದರಾ? ಮೊಬೈಲ್ ಮೆಸೇಜ್ ಹುಡುಕಿ. ಪರ್ಮಿಷನ್ ಕೊಟ್ಟವರು ಅದನ್ನು ಹಾಜರಾತಿಯಲ್ಲಿ ಗುರುತು ಹಾಕುವುದನ್ನು ಮರೆಯುವುದು ಮಾಮೂಲು.

ಇನ್ನೊಂದು, ಆ ಎರಡು ದಿನ ಬಿಟ್ಟು ಉಳಿದ ತಾರೀಕುಗಳನ್ನು ಕ್ಯಾಲೆಂಡರ್ ಪಕ್ಕದಲ್ಲಿಟ್ಟು ನೋಡಿ. 3, 5, 10, 12, 17, 24, 26. ಏನಾದರೂ ಕಾಣುತ್ತದಾ?

ರಾತ್ರಿ ಪಾಳಿ

ಎರಡು ದಿನ ಬಿಟ್ಟು, ಐದು ದಿನ ಬಿಟ್ಟು, ಮತ್ತೆ ಎರಡು... ವಾರದ ಅವೇ ಎರಡು ದಿನ!

ನಾನೊಂದು ಮಾತು ಹೇಳಬೇಕು. ಎಲ್ಲರೂ ಲೇಟಾಗಿ ಬರುವವರ ಬಗ್ಗೆಯೇ ಮಾತಾಡುತ್ತಿದ್ದೀರಿ. ಅವರು ಬರುವವರೆಗೆ ಸೀಟು ಬಿಟ್ಟು ಏಳಲಾಗದೆ ಕೂತಿರುವವರು ನಮ್ಮಂಥ ರಾತ್ರಿ ಪಾಳಿಯವರು. ಬೆಳಿಗ್ಗೆ 9ಕ್ಕೆ ಕಣ್ಣು ಎಳೆಯುತ್ತಿರುತ್ತದೆ. ಇಪ್ಪತ್ತು ನಿಮಿಷ ಅಂದರೆ ನಮ್ಮ ಬಸ್ಸು ಹೋಯಿತು ಅಂತಲೇ ಲೆಕ್ಕ. "ತಂಡಕ್ಕೆ ತೊಂದರೆ" ಅನ್ನುವುದು ಸುಳ್ಳಲ್ಲ, ಅದನ್ನು ಅಳಿಸಬೇಡಿ.

ಹಳೇ ಎಚ್ಆರ್

ಅಳಿಸುವುದು ಬೇಡ, ಬಿಡಿಸಿ ಬರೆಯೋಣ. "ಇಡೀ ತಂಡಕ್ಕೆ ತೊಂದರೆ" ಅಂದರೆ ಯಾರಿಗೆ, ಎಷ್ಟು, ಗೊತ್ತಾಗುವುದಿಲ್ಲ. "ಈ ದಿನಗಳಲ್ಲಿ ರಾತ್ರಿ ಪಾಳಿಯವರು 9:00ರ ನಂತರವೂ ಉಳಿದು ಕರೆ ತೆಗೆದುಕೊಂಡಿದ್ದಾರೆ" ಅಂದರೆ ಗೊತ್ತಾಗುತ್ತದೆ. ಯಾರು ಉಳಿದರು ಅಂತ ಹೆಸರು ಮಾತ್ರ ಹಾಕಬೇಡಿ. ಇಬ್ಬರ ನಡುವೆ ಸುಮ್ನೆ ಜಗಳ ತಂದಿಟ್ಟ ಹಾಗಾಗುತ್ತದೆ.

ನೇರ ಮಾತು

ಒಂದು ಪತ್ರಕ್ಕೆ ಇಷ್ಟೊಂದು ತನಿಖೆಯಾ? ಲೇಟು ಅಂದರೆ ಲೇಟು. ಯಾಕೆ ಅನ್ನುವುದು ಅವರ ತಲೆನೋವು. ನಾವು ಕಾರಣ ಕೇಳುತ್ತಾ ಹೋದರೆ ಎಲ್ಲರ ಹತ್ತಿರವೂ ಒಂದೊಂದು ಕಥೆ ಇರುತ್ತದೆ.

ಕಿಟಕಿ ಸೀಟು

ಕಥೆ ಕೇಳದೆಯೇ ಕಥೆ ಅಂತ ಹೇಗೆ ತೀರ್ಮಾನ ಮಾಡಿದಿರಿ?

ಹೊಸ ಲೀಡ್

ಎರಡು ದಿನ ಉತ್ತರ ಹಾಕಲು ಆಗಲಿಲ್ಲ. ಎಲ್ಲ ನೋಡಿ ಬಂದೆ.

ಯಂತ್ರ ನಾಲ್ಕು ನಿಮಿಷ ಮುಂದಿದೆ! ಮೊಬೈಲ್‌ನಲ್ಲಿ 8:51, ಯಂತ್ರದಲ್ಲಿ 8:55. ಅಂದರೆ 9ನೇ ತಾರೀಕಿನ 9:12 ನಿಜವಾಗಿ 9:08. 20ರದ್ದು 9:09. ಎರಡೂ ಗ್ರೇಸ್ ಒಳಗೇ ಇವೆ.

17ರ ಹಿಂದಿನ ಸಂಜೆ ಅವರು ನನ್ನ ಜೊತೆಗಿನ ಇನ್ನೊಬ್ಬ ಲೀಡ್‌ಗೆ ಮೆಸೇಜ್ ಹಾಕಿದ್ದರು. ಅವರು "ಸರಿ" ಅಂತ ಉತ್ತರವನ್ನೂ ಕೊಟ್ಟಿದ್ದಾರೆ. ಹಾಜರಾತಿಯಲ್ಲಿ ಗುರುತು ಇಲ್ಲ.

ಒಂಬತ್ತು ಈಗ ಆರಾಯಿತು.

ವಾರದ ಲೆಕ್ಕವೂ ನಿಜ. ಎಲ್ಲವೂ ಮಂಗಳವಾರ, ಗುರುವಾರ. ಕೂತು ಕೇಳಿದೆ. ತಾಯಿಗೆ ಆ ಎರಡು ದಿನ ಬೆಳಿಗ್ಗೆ ಫಿಸಿಯೋಥೆರಪಿ ಇದೆ, ಕರೆದುಕೊಂಡು ಹೋಗಲು ಮನೆಯಲ್ಲಿ ಬೇರೆ ಯಾರೂ ಇಲ್ಲ. 13ನೇ ತಾರೀಕು ಮಾತಾಡಿದಾಗ ಯಾಕೆ ಹೇಳಲಿಲ್ಲ ಅಂದೆ. "ನೀವು ಕೇಳಲಿಲ್ಲ, ನೆಪ ಹೇಳುತ್ತಾನೆ ಅಂದುಕೊಳ್ಳುತ್ತೀರಿ ಅಂತ ಸುಮ್ಮನಿದ್ದೆ" ಅಂದರು. 19ನೇ ತಾರೀಕು ಗುರುವಾರ ಮಾತ್ರ ಅಲ್ಲಿ ರಜೆ ಇತ್ತಂತೆ, ಅಂದು ಸಮಯಕ್ಕೆ ಬಂದಿದ್ದಾರೆ.

ಇಷ್ಟಾದ ಮೇಲೂ ಪತ್ರ ಕೊಡಬೇಕಾ?

ಕಿಟಕಿ ಸೀಟು

ಕೊಡಬೇಡಿ. ಸಮಸ್ಯೆ ಗೊತ್ತಾಯಿತು, ಪಾಳಿ ಬದಲಿಸಿ, ಮುಗಿಯಿತು.

ರಾತ್ರಿ ಪಾಳಿ

ನನಗೂ ಬೇಜಾರಾಯಿತು, ನಿಜ. ಆದರೆ ಮೂರು ವಾರಕ್ಕೂ ಜಾಸ್ತಿ ಒಂದು ಮಾತೂ ಹೇಳದೆ ಬೇರೆಯವರನ್ನು ಕಾಯಿಸಿದ್ದೂ ನಿಜ ಅಲ್ವಾ? ಮುಂಚೆಯೇ ಹೇಳಿದ್ದರೆ ನಾನೇ ಆ ಎರಡು ದಿನ ಅರ್ಧ ಗಂಟೆ ನಿಲ್ಲುತ್ತಿದ್ದೆ, ಬದಲಿಗೆ ರಾತ್ರಿ ಅರ್ಧ ಗಂಟೆ ತಡವಾಗಿ ಬರುತ್ತಿದ್ದೆ.

ನೇರ ಮಾತು

ಕೊಡಲೇಬೇಕು. ಕಾರಣ ಪತ್ರದಲ್ಲಿ ಬರಲೇಬಾರದು. ಬಂದರೆ ನೀವೇ ಅದನ್ನು ಒಪ್ಪಿಕೊಂಡ ಹಾಗೆ.

ಹಳೇ ಎಚ್ಆರ್

ಕಾರಣ ದಾಖಲಿಸುವುದು ಬೇರೆ, ಒಪ್ಪುವುದು ಬೇರೆ. "ಅವರು ಹೀಗೆ ತಿಳಿಸಿದ್ದಾರೆ" ಅಂತ ಬರೆದರೆ ಅಷ್ಟೇ ಅರ್ಥ. ಬರೆಯದೆ ಬಿಟ್ಟರೆ ನೀವು ಕೇಳಲೇ ಇಲ್ಲ ಅಂತ ಮುಂದೆ ಓದುವವರು ಅಂದುಕೊಳ್ಳುತ್ತಾರೆ. ಆದರೆ ತಾಯಿಯ ಕಾಯಿಲೆ, ಚಿಕಿತ್ಸೆ ಇವೆಲ್ಲ ಕಡತಕ್ಕೆ ಬೇಕಾಗಿಲ್ಲ. "ಕುಟುಂಬದ ಆರೈಕೆಯ ಜವಾಬ್ದಾರಿ" ಅಂದರೆ ಸಾಕು. ಈ ಮಾತನ್ನು ಹಾಕಬಹುದಾ ಅಂತ ಅವರನ್ನೇ ಕೇಳಿ.

ಕೊಡಬೇಕಾ ಬೇಡವಾ ಅನ್ನುವುದು ನಿಮ್ಮ ನಿಯಮದ ಮೇಲೆ ನಿಂತಿದೆ. ನನ್ನ ಕೈಯಲ್ಲಿದ್ದರೆ ಮೊದಲು ಪಾಳಿ ಸರಿಮಾಡುತ್ತಿದ್ದೆ, ಆಮೇಲೂ ತಡವಾದರೆ ಪತ್ರ. ನಿಮ್ಮ ಮೇಲಿನವರು ಈಗಲೇ ಬೇಕು ಅಂದರೆ ಎರಡನ್ನೂ ಒಂದೇ ಕಾಗದದಲ್ಲಿ ತನ್ನಿ. ಏನಾಗಿದೆ ಅನ್ನುವುದೂ ಇರಲಿ, ಏನು ಅನುಕೂಲ ಮಾಡಿಕೊಡುತ್ತೇವೆ ಅನ್ನುವುದೂ ಇರಲಿ.

ಒಂದು ಸೂಕ್ಷ್ಮ ಇದೆ. ನೀವು ಬಾಯಿಮಾತಲ್ಲಿ ಹೇಳಿದ್ದು 13ಕ್ಕೆ. ಅದಕ್ಕೆ ಮುಂಚೆ ನಾಲ್ಕು ದಿನ ತಡ, ಆಮೇಲೆ ಎರಡೇ ದಿನ. "ಹೇಳಿದ ಮೇಲೂ ಆರು ದಿನ" ಅಂತ ಅರ್ಥ ಬರುವ ಹಾಗೆ ಬರೆದರೆ ಅದು ಸುಳ್ಳಾಗುತ್ತದೆ. 13ನ್ನು ನಡುವೆ ಇಟ್ಟು, ಎರಡೂ ಭಾಗ ಬೇರೆ ಬೇರೆ ಕಾಣುವ ಹಾಗೆ ಬರೆಯಿರಿ.

ಗಡಿಯಾರದ ಬಗ್ಗೆಯೂ ಒಂದು ಮಾತು. ಇವತ್ತು ನಾಲ್ಕು ನಿಮಿಷ ಮುಂದಿದೆ ಅಂದಮಾತ್ರಕ್ಕೆ ಮಾರ್ಚ್ 3ಕ್ಕೂ ಅಷ್ಟೇ ಇತ್ತು ಅಂತ ಹೇಳಲು ಬರುವುದಿಲ್ಲ. ಆರು ದಿನಗಳ ಲಾಗಿನ್ ಸಮಯದ ಜೊತೆ ಹೊಂದಿಸಿ ನೋಡಿ. ಪತ್ರದಲ್ಲಿ ಯಂತ್ರದ ಸಮಯ ಹಾಕಿ, ಅದು ನಾಲ್ಕು ನಿಮಿಷ ಮುಂದಿರುವುದು ಕಂಡುಬಂದಿದೆ, ಅಷ್ಟು ಕಳೆದರೂ ಈ ದಿನಗಳು 9:10 ದಾಟುತ್ತವೆ ಅಂತ ಬರೆಯಿರಿ. ಆರರಲ್ಲಿ ಕಡಿಮೆ ಅಂದರೆ 10ನೇ ತಾರೀಕಿನದು. 9:19ರಲ್ಲಿ ನಾಲ್ಕು ಕಳೆದರೆ 9:15. ಹಾಗಾಗಿ ಆರೂ ನಿಲ್ಲುತ್ತವೆ.

ಹೊಸ ಲೀಡ್

ಲಾಗಿನ್ ಜೊತೆ ಹೊಂದಿಸಿದೆ. ಆರೂ ದಿನ ಲಾಗಿನ್ ಇನ್ನೂ ತಡವಾಗಿಯೇ ಇದೆ, ಎಲ್ಲಿಯೂ ಎಡವಟ್ಟಿಲ್ಲ. "ಆರೈಕೆಯ ಜವಾಬ್ದಾರಿ" ಅನ್ನುವ ಮಾತಿಗೆ ಅವರೂ ಒಪ್ಪಿದರು. ಮೇಲಿನವರು ಪತ್ರ ಬೇಕೇ ಬೇಕು ಅಂದರು. ಹೊಸ ಕರಡು:

"ವಿಷಯ: ಪಾಳಿಯ ಆರಂಭದ ಸಮಯ ಪಾಲನೆ – ಮೊದಲ ಲಿಖಿತ ಎಚ್ಚರಿಕೆ

ನಿಮ್ಮ ಪಾಳಿ 9:00ಕ್ಕೆ ಆರಂಭವಾಗುತ್ತದೆ. ಹಾಜರಾತಿ ನಿಯಮದ ಪ್ರಕಾರ 9:10ರ ನಂತರದ ಪಂಚ್ ತಡ ಎಂದು ಲೆಕ್ಕ. ಈ ನಿಯಮದ ಪ್ರತಿಯನ್ನು ನೀವು ಸೇರಿದ ದಿನ ನಿಮಗೆ ಕೊಡಲಾಗಿದೆ.

ಗೇಟಿನ ಯಂತ್ರದ ದಾಖಲೆಯಂತೆ ಮಾರ್ಚ್ 3 (9:24), 5 (9:31), 10 (9:19), 12 (9:27) ರಂದು ನೀವು ತಡವಾಗಿ ಬಂದಿದ್ದೀರಿ. 13ರಂದು ನಿಮ್ಮೊಂದಿಗೆ ಈ ಬಗ್ಗೆ ಮಾತನಾಡಿ, ಸಮಯಕ್ಕೆ ಬರುವಂತೆ ತಿಳಿಸಿದ್ದೆ. ಆ ನಂತರ 24 (9:22) ಮತ್ತು 26 (9:28) ರಂದು ತಡವಾಗಿದೆ. ಯಂತ್ರದ ಗಡಿಯಾರ ನಾಲ್ಕು ನಿಮಿಷ ಮುಂದಿರುವುದು ಕಂಡುಬಂದಿದೆ. ಅದನ್ನು ಕಳೆದರೂ ಮೇಲಿನ ಎಲ್ಲ ದಿನ 9:10 ದಾಟಿದೆ. 17ರಂದು ನೀವು ಅನುಮತಿ ಪಡೆದಿದ್ದರಿಂದ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಈ ದಿನಗಳಲ್ಲಿ ನೀವು ಬರುವವರೆಗೆ ರಾತ್ರಿ ಪಾಳಿಯವರು ಉಳಿದು ಕರೆ ತೆಗೆದುಕೊಂಡಿದ್ದಾರೆ.

ಮಂಗಳವಾರ ಮತ್ತು ಗುರುವಾರ ಬೆಳಿಗ್ಗೆ ಕುಟುಂಬದ ಆರೈಕೆಯ ಜವಾಬ್ದಾರಿ ಇರುವುದಾಗಿ ನೀವು ತಿಳಿಸಿದ್ದೀರಿ. ಮುಂದಿನ ಎಂಟು ವಾರ ಈ ಎರಡು ದಿನ ನಿಮ್ಮ ಪಾಳಿ 9:30ಕ್ಕೆ ಆರಂಭವಾಗಿ ಅರ್ಧ ಗಂಟೆ ತಡವಾಗಿ ಮುಗಿಯುತ್ತದೆ. ಉಳಿದ ದಿನ 9:00ಕ್ಕೆ ಬರಬೇಕು. ತಡವಾಗುವುದು ಅನಿವಾರ್ಯವಾದರೆ ಪಾಳಿ ಶುರುವಾಗುವ ಮುಂಚೆ ನನಗೆ ಕರೆ ಮಾಡಿ ತಿಳಿಸಬೇಕು. ನಾಲ್ಕು ವಾರದ ನಂತರ ಇಬ್ಬರೂ ಕೂತು ಹಾಜರಾತಿ ನೋಡೋಣ.

ಈ ಅವಧಿಯಲ್ಲಿ ಅನುಮತಿ ಇಲ್ಲದೆ ಮತ್ತೆ ತಡವಾದರೆ ನಿಯಮದ ಮುಂದಿನ ಹಂತವಾದ ಎರಡನೇ ಲಿಖಿತ ಎಚ್ಚರಿಕೆಯನ್ನು ಪರಿಗಣಿಸಲಾಗುವುದು. ಈ ಪತ್ರದ ಯಾವುದೇ ಅಂಶ ಸರಿಯಿಲ್ಲ ಎನಿಸಿದರೆ ಏಳು ದಿನಗಳಲ್ಲಿ ಬರೆದು ತಿಳಿಸಬಹುದು. ನಿಮ್ಮ ಉತ್ತರವನ್ನು ಇದರ ಜೊತೆಯಲ್ಲೇ ಇಡಲಾಗುವುದು."

ಹಳೇ ಎಚ್ಆರ್

ಇದನ್ನು ಯಾರು ಓದಿದರೂ ಅರ್ಥವಾಗುತ್ತದೆ. "ಕಠಿಣ ಕ್ರಮ" ತೆಗೆದು ಮುಂದಿನ ಹಂತದ ಹೆಸರು ಹಾಕಿದ್ದು ಒಳ್ಳೆಯದಾಯಿತು. ನಿಯಮದಲ್ಲಿ ಇಲ್ಲದ ಶಿಕ್ಷೆಯನ್ನು ಹೆದರಿಸಲು ಬರೆದರೆ ಆಮೇಲೆ ಅದನ್ನು ಮಾಡಲೂ ಆಗುವುದಿಲ್ಲ, ಬಿಡಲೂ ಆಗುವುದಿಲ್ಲ.

"ಮತ್ತೆ ತಡವಾದರೆ" ಅಂದರೆ ಒಂದೇ ಸಲವಾ? ಅಲ್ಲಿ ಸಂಖ್ಯೆ ಹಾಕಿ. ಜೊತೆಗೆ ಈ ಪತ್ರ ಎಷ್ಟು ತಿಂಗಳು ಲೆಕ್ಕದಲ್ಲಿರುತ್ತದೆ ಅಂತ ಒಂದು ಸಾಲು ಸೇರಿಸಿ. ನಿಮ್ಮ ನಿಯಮದಲ್ಲಿ ಅವಧಿ ಇರುತ್ತದೆ, ನೋಡಿ. ಇಲ್ಲದಿದ್ದರೆ ಕಿಟಕಿ ಸೀಟು ಅವರಿಗೆ ಆದ ಹಾಗೆ ಅದು ಎಂದೆಂದಿಗೂ ಕೂತಿರುತ್ತದೆ.

ಸಹಿಯ ಬಗ್ಗೆ ನೇರ ಮಾತು ಅವರು ಹೇಳಿದ್ದು ಅರ್ಧ ಸರಿ. ಸಹಿ ಇದ್ದರೆ ಒಳ್ಳೆಯದು, ಆದರೆ ಅದು ತಲುಪಿದೆ ಅನ್ನುವುದಕ್ಕೆ ಮಾತ್ರ. "ಪತ್ರ ತಲುಪಿದೆ. ಈ ಸಹಿ ಒಪ್ಪಿಗೆಯಲ್ಲ" ಅಂತ ಕೆಳಗೆ ಅಚ್ಚು ಹಾಕಿಸಿ. ಅಷ್ಟು ಬರೆದರೆ ಬಹಳ ಜನ ಸಹಿ ಹಾಕುತ್ತಾರೆ. ಹಾಕದಿದ್ದರೆ ಇನ್ನೊಬ್ಬರ ಎದುರಿಗೆ ಕೊಟ್ಟು "ಸಹಿ ಹಾಕಲು ನಿರಾಕರಿಸಿದರು" ಅಂತ ತಾರೀಕು ಸಮೇತ ಬರೆದು, ಆ ಇನ್ನೊಬ್ಬರಿಂದ ಸಹಿ ಹಾಕಿಸಿ. ಪ್ರತಿಯನ್ನು ಅವರಿಗೆ ಮೇಲ್ ಮಾಡಿ. ಮೇಲ್ ಅವರಿಗೊಬ್ಬರಿಗೇ, ತಂಡಕ್ಕೆ ಸಿಸಿ ಬೇಡ.

ನೇರ ಮಾತು

ಸಹಿ ವಿಷಯ ಸರಿ, ಒಪ್ಪಿದೆ. ಆದರೆ ಪಾಳಿಯನ್ನೂ ಬದಲಿಸಿ ಪತ್ರವನ್ನೂ ಕೊಡುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ಒಂದು ಕೈಯಲ್ಲಿ ಬೆತ್ತ, ಇನ್ನೊಂದು ಕೈಯಲ್ಲಿ ಬೆಲ್ಲ. ಓದಿದವರು ಯಾವುದನ್ನು ನಂಬಬೇಕು?

ಕಿಟಕಿ ಸೀಟು

ನನಗೂ ವಿಚಿತ್ರವೇ, ಆದರೆ ಉಲ್ಟಾ ಕಾರಣಕ್ಕೆ. ಹೇಳಿದ ಮೇಲೆ ತಡವಾಗಿದ್ದು ಎರಡೇ ದಿನ, ಆ ಎರಡಕ್ಕೂ ಕಾರಣ ಗೊತ್ತಿದೆ. ಇದಕ್ಕೆ "ಎಚ್ಚರಿಕೆ" ಅನ್ನುವುದಕ್ಕಿಂತ ಮಾತುಕತೆಯ ಟಿಪ್ಪಣಿ ಅಂತ ಕಡತದಲ್ಲಿ ಇಟ್ಟರೆ ಸಾಲದಾ? ಭಾಷೆ ಎಷ್ಟೇ ನಯವಾಗಿರಲಿ, ಮೇಲೆ "ಮೊದಲ ಲಿಖಿತ ಎಚ್ಚರಿಕೆ" ಅಂತ ಇದೆಯಲ್ಲ.

ಹಳೇ ಎಚ್ಆರ್

ಆ ಮಾತಿನಲ್ಲಿ ತೂಕ ಇದೆ. ಮೇಲಿನವರ ಹತ್ತಿರ ಇದನ್ನೇ ಇಟ್ಟು ಒಮ್ಮೆ ಕೇಳಿ ನೋಡಿ. ಒಂಬತ್ತು ಅಂತ ಕೇಳಿ ಪತ್ರ ಬೇಕು ಅಂದವರು, ಹೇಳಿದ ಮೇಲೆ ಎರಡು ಅಂತ ಗೊತ್ತಾದರೆ ಮನಸ್ಸು ಬದಲಿಸಲೂಬಹುದು.

ಅದಕ್ಕೂ ಮುಂಚೆ ಇನ್ನೊಂದು. ಅದೇ ಯಂತ್ರದಲ್ಲಿ ಅದೇ ಮಾರ್ಚ್‌ನ ಉಳಿದವರ ಪಂಚ್ ನೋಡಿದ್ದೀರಾ?

ಹೊಸ ಲೀಡ್

ಇವತ್ತು ನೋಡಿದೆ. ನಾಲ್ಕು ನಿಮಿಷ ಕಳೆದ ಮೇಲೂ ಒಬ್ಬರದು ಐದು ದಿನ ಇದೆ. ಅವರ ಸೀಟಿಗೆ ರಾತ್ರಿ ಪಾಳಿಯವರು ಯಾರೂ ಕಾಯುವುದಿಲ್ಲ, ಹಾಗಾಗಿ ಯಾರೂ ದೂರು ಹೇಳಿಲ್ಲ. ಬಾಯಿಮಾತಲ್ಲೂ ಯಾರೂ ಹೇಳಿಲ್ಲ.

ರಾತ್ರಿ ಪಾಳಿ

ಅಲ್ಲಿಗೆ ಬಂತು ನೋಡಿ. ಆದರೂ ಎರಡೂ ಒಂದೇ ಅಲ್ಲ. ಒಂದರಿಂದ ಇನ್ನೊಬ್ಬರ ಮನೆಗೆ ಹೋಗುವ ಹೊತ್ತು ತಪ್ಪುತ್ತದೆ, ಇನ್ನೊಂದರಿಂದ ಇಲ್ಲ.

ಹಳೇ ಎಚ್ಆರ್

ಪರಿಣಾಮ ಬೇರೆ, ನಿಜ. ಆದರೆ ನಿಯಮದಲ್ಲಿ "ಯಾರಾದರೂ ಕಾಯುತ್ತಿದ್ದರೆ ಮಾತ್ರ ತಡ" ಅಂತ ಇಲ್ಲವಲ್ಲ. ಆ ಐದು ದಿನದವರ ಜೊತೆ ಈ ವಾರವೇ ಮಾತಾಡಿ, ತಾರೀಕು ಬರೆದಿಟ್ಟುಕೊಳ್ಳಿ. ಅದಾಗದೆ ಈ ಪತ್ರ ಕೊಟ್ಟರೆ, ಏಳು ದಿನದೊಳಗೆ ಬರುವ ಉತ್ತರದ ಮೊದಲ ಸಾಲು ಅದೇ ಆಗಿರುತ್ತದೆ.

ಹೊಸ ಲೀಡ್

ಪತ್ರ ಸದ್ಯಕ್ಕೆ ನನ್ನ ಹತ್ತಿರವೇ ಇದೆ. 9:30ರ ಪಾಳಿ ಮುಂದಿನ ಮಂಗಳವಾರದಿಂದ ಶುರು ಮಾಡುತ್ತಿದ್ದೇವೆ, ಅದಕ್ಕೆ ಎಲ್ಲರೂ ಒಪ್ಪಿದ್ದಾರೆ. ಇನ್ನೊಬ್ಬರ ಜೊತೆ ನಾಳೆ ಮಾತಾಡುತ್ತೇನೆ. ಮೇಲಿನವರಿಗೆ ಆರು ತಾರೀಕನ್ನೂ, 13ರ ಹಿಂದೆ ಮುಂದೆ ಬಿಡಿಸಿ, ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ಅವಸರದವ

ಯಂತ್ರದ ಗಡಿಯಾರ ಸರಿಮಾಡಿಸಿದಿರಾ?

ಹೊಸ ಲೀಡ್

ದೂರು ಕೊಟ್ಟಿದ್ದೇನೆ. ಸರಿಮಾಡಿದ ದಿನ ಯಾವುದು ಅಂತ ಬರೆದು ಕೊಡಲು ಹೇಳಿದ್ದೇನೆ. ಇಲ್ಲದಿದ್ದರೆ ಏಪ್ರಿಲ್ ಲೆಕ್ಕದಲ್ಲಿ ಯಾವ ದಿನಕ್ಕೆ ನಾಲ್ಕು ಕಳೆಯಬೇಕು, ಯಾವ ದಿನಕ್ಕೆ ಬೇಡ ಅಂತ ಗೊತ್ತಾಗುವುದಿಲ್ಲ.